ಆಫೀಸಿಗೆ ಸೈಕಲ್‌ನಲ್ಲಿ ಎಷ್ಟು ಹೊತ್ತು ಬೇಕು? ವೇಗ, ಸಿಗ್ನಲ್, ಏರು ಮೂರನ್ನೂ ಬೇರೆ ಬೇರೆ ಲೆಕ್ಕ ಹಾಕುವ ರೀತಿ

ದಿನಾ ಆಫೀಸಿಗೆ ಸೈಕಲ್‌ನಲ್ಲಿ ಹೋಗಬೇಕು ಅಂತ ಮನಸ್ಸು ಮಾಡಿದವರು ಮೊದಲು ಹಾಕುವ ಲೆಕ್ಕ ಒಂದೇ. ದೂರ 8 ಕಿಲೋಮೀಟರ್, ನನ್ನ ಸೈಕಲ್ ಗಂಟೆಗೆ 18 ಕಿ.ಮೀ. ಹೋಗುತ್ತದೆ, ಹಾಗಾದರೆ 27 ನಿಮಿಷ ಸಾಕು. ನಾನೂ ಹೀಗೇ ಮಾಡಿದ್ದೆ. ಮೊದಲ ವಾರ ದಿನಾ ತಡವಾಯಿತು, ಅದೂ ಒಂದೊಂದು ದಿನ ಒಂದೊಂದು ಥರ. ಆಮೇಲೆ ಸರಾಸರಿ ವೇಗವನ್ನು 14ಕ್ಕೆ ಇಳಿಸಿ ನೋಡಿದೆ. ಆಗ ಬೆಳಿಗ್ಗೆಯ ಲೆಕ್ಕ ಸರಿಹೋಯಿತು, ಆದರೆ ಅದೇ 14 ಇಟ್ಟುಕೊಂಡು ಇನ್ನೊಂದು ದಾರಿಯ ಲೆಕ್ಕ ಹಾಕಿದರೆ ಮತ್ತೆ ತಪ್ಪು.

ತಪ್ಪು ಎಲ್ಲಿ ಅಂದರೆ, ಸರಾಸರಿ ವೇಗ ಅನ್ನುವುದು ದಾರಿ ಮುಗಿದ ಮೇಲೆ ಸಿಗುವ ಉತ್ತರ. ಅದರೊಳಗೆ ಸಿಗ್ನಲ್, ಏರು, ಹಂಪ್ ಎಲ್ಲಾ ಆಗಲೇ ಕಲಸಿಹೋಗಿರುತ್ತದೆ. ಅದನ್ನೇ ಲೆಕ್ಕದ ಆರಂಭಕ್ಕೆ ಇಟ್ಟುಕೊಂಡು, ಮೇಲಿಂದ ಸಿಗ್ನಲ್‌ಗೆ ಅಂತ 5 ನಿಮಿಷ, ಏರಿಗೆ ಅಂತ 5 ನಿಮಿಷ ಸೇರಿಸಿದರೆ ಒಂದೇ ಖರ್ಚನ್ನು ಎರಡು ಸಲ ಬರೆದ ಹಾಗೆ. ಆದ್ದರಿಂದ ಇಲ್ಲಿ ಮಾಡುವುದು ಬೇರೆ ಕೆಲಸ. ಸಮತಟ್ಟು ರಸ್ತೆಯ ವೇಗ ಒಂದು, ಏರು ತಿನ್ನುವ ಹೆಚ್ಚುವರಿ ಸೆಕೆಂಡು ಇನ್ನೊಂದು, ಸಿಗ್ನಲ್ ತಿನ್ನುವ ಸೆಕೆಂಡು ಮತ್ತೊಂದು. ಮೂರನ್ನೂ ಬೇರೆ ಬೇರೆ ಅಳೆದು ಕೊನೆಗೆ ಕೂಡಿಸುವುದು.

ಉದಾಹರಣೆಗೆ ನನ್ನದೇ ದಾರಿ ತೆಗೆದುಕೊಳ್ಳುತ್ತೇನೆ. ಬೆಂಗಳೂರಿನ ವಿಜಯನಗರದಿಂದ ಹೊರಟು, ಮೈಸೂರು ರಸ್ತೆಗೆ ಇಳಿದು, ಗಾಳಿ ಆಂಜನೇಯ ದೇವಸ್ಥಾನದ ಹತ್ತಿರ ವೃಷಭಾವತಿಯನ್ನು ದಾಟಿ, ಹನುಮಂತನಗರದ ಕಡೆ ಏರು ಹತ್ತಿ, ಬಸವನಗುಡಿ, ಸೌತ್ ಎಂಡ್ ಸರ್ಕಲ್ ಮೇಲೆ ಜಯನಗರ. ಒಟ್ಟು 8.4 ಕಿ.ಮೀ. ಲೆಕ್ಕ ಸುಲಭವಾಗಲಿ ಅಂತ ಕೆಳಗಿನ ಅಂಕಿಗಳನ್ನು ಸ್ವಲ್ಪ ದುಂಡಗೆ ಮಾಡಿದ್ದೇನೆ.

ಮೊದಲು ಸಮತಟ್ಟು ವೇಗ

ಮನೆಯ ಹತ್ತಿರ ಒಂದು ಕಿಲೋಮೀಟರ್ ಉದ್ದದ, ಸಿಗ್ನಲ್ ಇಲ್ಲದ, ಏರಿಳಿತ ಇಲ್ಲದ ರಸ್ತೆ ಹುಡುಕಿ. ಅಷ್ಟು ಉದ್ದ ಸಿಗದಿದ್ದರೆ ಅರ್ಧ ಕಿಲೋಮೀಟರ್ ಆದರೂ ಸಾಕು. ಆಫೀಸಿಗೆ ಹೋಗುವ ಬಟ್ಟೆ ಹಾಕಿಕೊಂಡು, ಆಫೀಸಿನ ಬ್ಯಾಗ್ ಹೊತ್ತುಕೊಂಡು, ಬೆವರದಷ್ಟು ಮಾತ್ರ ಜೋರಾಗಿ ತುಳಿಯಿರಿ. ಶುರು ಮಾಡುವ ಗುರುತಿಗೆ ಬರುವಾಗಲೇ ಸೈಕಲ್ ವೇಗ ಹಿಡಿದಿರಬೇಕು, ನಿಂತಲ್ಲಿಂದ ಹೊರಟರೆ ಅಳತೆ ಕೆಡುತ್ತದೆ. ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ ಸಮಯ ನೋಡಿ ಸರಾಸರಿ ಮಾಡಿ. ಎರಡೂ ದಿಕ್ಕು ಯಾಕೆ ಅಂದರೆ, ಕಣ್ಣಿಗೆ ಸಮತಟ್ಟಾಗಿ ಕಾಣುವ ರಸ್ತೆಯಲ್ಲೂ ಸಣ್ಣ ಇಳಿಜಾರು ಇರುತ್ತದೆ, ಗಾಳಿಯೂ ಇರುತ್ತದೆ.

ನನಗೆ ಒಂದು ಕಿಲೋಮೀಟರ್‌ಗೆ 200 ಸೆಕೆಂಡು ಬಂತು. ಅಂದರೆ ಗಂಟೆಗೆ 18 ಕಿ.ಮೀ., ಸೆಕೆಂಡಿಗೆ ಸರಿಯಾಗಿ 5 ಮೀಟರ್. ಇಲ್ಲಿಂದ ಮುಂದೆ ಗಂಟೆಗೆ ಎಷ್ಟು ಕಿ.ಮೀ. ಅನ್ನುವುದನ್ನು ಮರೆತು, ಕಿಲೋಮೀಟರ್‌ಗೆ ಎಷ್ಟು ಸೆಕೆಂಡು ಅಂತಲೇ ಯೋಚಿಸಿ. ಸೆಕೆಂಡುಗಳನ್ನು ಕೂಡಿಸಬಹುದು, ವೇಗಗಳನ್ನು ಕೂಡಿಸಿ ಭಾಗಿಸಲು ಆಗುವುದಿಲ್ಲ. ಅರ್ಧ ದಾರಿ 10ರ ವೇಗದಲ್ಲಿ, ಇನ್ನರ್ಧ ದಾರಿ 26ರ ವೇಗದಲ್ಲಿ ಹೋದರೆ ಸರಾಸರಿ 18 ಆಗುವುದಿಲ್ಲ, ಸುಮಾರು 14.4 ಆಗುತ್ತದೆ. ನಿಧಾನದ ಭಾಗದಲ್ಲಿ ನೀವು ಜಾಸ್ತಿ ಹೊತ್ತು ಇರುತ್ತೀರಿ, ಅಲ್ವಾ?

ಹಾಗಾದರೆ ನನ್ನ 8.4 ಕಿ.ಮೀ. ದಾರಿ ಪೂರ್ತಿ ಸಮತಟ್ಟಾಗಿದ್ದು ಒಂದೂ ಸಿಗ್ನಲ್ ಇಲ್ಲದಿದ್ದರೆ 1680 ಸೆಕೆಂಡು, 28 ನಿಮಿಷ. ಇದು ಬುನಾದಿ.

ಸ್ಟ್ರಾವಾ ಥರದ ಆ್ಯಪ್ ಬಳಸುವವರಿಗೆ ಒಂದು ಎಚ್ಚರಿಕೆ. ಅಲ್ಲಿ `Moving Time` ಮತ್ತು `Elapsed Time` ಅಂತ ಎರಡು ಇರುತ್ತವೆ. ಮೊದಲನೆಯದರಲ್ಲಿ ನಿಂತ ಹೊತ್ತು ಸೇರಿರುವುದಿಲ್ಲ. ಆದರೆ ಬ್ರೇಕ್ ಹಿಡಿದು ನಿಧಾನವಾಗಿದ್ದು, ಮತ್ತೆ ಎದ್ದು ವೇಗ ಹಿಡಿದಿದ್ದು, ಏರಿನಲ್ಲಿ ತೆವಳಿದ್ದು ಎಲ್ಲಾ ಸೇರಿರುತ್ತದೆ. ಹಾಗಾಗಿ ಆ್ಯಪ್ ತೋರಿಸುವ ಚಲನೆಯ ಸರಾಸರಿ ವೇಗವನ್ನು ಸಮತಟ್ಟು ವೇಗ ಅಂತ ಹಾಕಿಕೊಳ್ಳಬೇಡಿ. ಅದು ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ ಇರುತ್ತದೆ.

ಏರು: ಮೀಟರ್‌ಗೆ ಇಷ್ಟು ಸೆಕೆಂಡು

ಈ ಭಾಗಕ್ಕೆ ಸ್ವಲ್ಪ ಹೊತ್ತು ಕೊಡೋಣ, ಯಾಕೆಂದರೆ ಜಾಸ್ತಿ ಜನ ತಪ್ಪುವುದು ಇಲ್ಲೇ.

ಬೆಂಗಳೂರು ನೋಡಲು ಸಮತಟ್ಟು, ತುಳಿದರೆ ಅಲ್ಲ. ಊರಿನ ನಡುವೆ ಒಂದು ಎತ್ತರದ ಬೆನ್ನು ಹಾದುಹೋಗುತ್ತದೆ. ಅದರ ಪಶ್ಚಿಮಕ್ಕೆ ಬಿದ್ದ ನೀರು ವೃಷಭಾವತಿ ಕಣಿವೆ ಸೇರಿ ಅರ್ಕಾವತಿಗೆ ಹೋಗುತ್ತದೆ. ಪೂರ್ವಕ್ಕೆ ಬಿದ್ದಿದ್ದು ಹೆಬ್ಬಾಳ ಕಣಿವೆ, ಕೋರಮಂಗಲ–ಚಲ್ಲಘಟ್ಟ ಕಣಿವೆಗಳ ಮೂಲಕ ದಕ್ಷಿಣ ಪಿನಾಕಿನಿ ಕಡೆ ಹೋಗುತ್ತದೆ. ನಿಮ್ಮ ದಾರಿ ಯಾವುದಾದರೂ ರಾಜಕಾಲುವೆಯನ್ನು ದಾಟುತ್ತದೆ ಅಂದರೆ, ಅಲ್ಲಿಗೆ ಇಳಿಯಬೇಕು, ಅಲ್ಲಿಂದ ಹತ್ತಬೇಕು. ಬಸವನಗುಡಿಯ ದೊಡ್ಡ ಬಸವನ ಪಾದದಲ್ಲೇ ವೃಷಭಾವತಿ ಹುಟ್ಟುತ್ತಾಳೆ ಅಂತ ಸ್ಥಳಪುರಾಣ ಹೇಳುತ್ತದೆ. ಗಾಳಿ ಆಂಜನೇಯನಿಂದ ಬಸವನಗುಡಿಗೆ ಸೈಕಲ್ ತುಳಿಯುವುದು ಅಂದರೆ ನದಿಯ ಕಡೆಯಿಂದ ಅದರ ಮೂಲದ ಕಡೆಗೆ ಹತ್ತುವುದು. ಏರು ಇರಲೇಬೇಕು.

ಆ ಏರಿನ ಅಳತೆ ಹೀಗೆ. ಗೂಗಲ್ ಅರ್ತ್ ಪ್ರೊನಲ್ಲಿ ದಾರಿಯನ್ನು ಗೆರೆ ಎಳೆದು, ಅದರ ಮೇಲೆ ಬಲ ಕ್ಲಿಕ್ ಮಾಡಿ `Show Elevation Profile` ಒತ್ತಿದರೆ ಎತ್ತರದ ನಕ್ಷೆ ಬರುತ್ತದೆ. ಅದರಲ್ಲಿ ಒಟ್ಟು ಹತ್ತುವ ಎತ್ತರ ಅಂತ ಒಂದು ಅಂಕಿ ಇರುತ್ತದೆ, ಅದನ್ನು ನಂಬಬೇಡಿ. ನಕ್ಷೆಯ ಎತ್ತರದ ಮಾಹಿತಿಯಲ್ಲಿ ಒಂದೆರಡು ಮೀಟರ್‌ನ ಸುಳ್ಳು ಏರಿಳಿತ ಸುಮಾರು ಇರುತ್ತದೆ, ಅದೆಲ್ಲಾ ಕೂಡಿ ಸಮತಟ್ಟು ರಸ್ತೆಯಲ್ಲೂ ಹತ್ತಾರು ಮೀಟರ್ ಹತ್ತಿದ ಹಾಗೆ ತೋರಿಸುತ್ತದೆ. ಮೇಲ್ಸೇತುವೆ ಇರುವ ಕಡೆಯೂ ಗೊಂದಲ, ನೀವು ಸೇತುವೆ ಮೇಲೆ ಇದ್ದರೂ ಅದು ಕೆಳಗಿನ ನೆಲವನ್ನೇ ತೋರಿಸಬಹುದು. ಅದರ ಬದಲು ದೊಡ್ಡ ಗುಡ್ಡ, ದೊಡ್ಡ ತಗ್ಗುಗಳನ್ನು ಮಾತ್ರ ಗುರುತು ಹಾಕಿಕೊಳ್ಳಿ. ತಗ್ಗಿನ ಎತ್ತರ ಎಷ್ಟು, ಏರು ಮುಗಿಯುವ ಜಾಗದ ಎತ್ತರ ಎಷ್ಟು, ನಡುವೆ ದೂರ ಎಷ್ಟು. ಅಷ್ಟೇ ಬೇಕಾದ್ದು.

ನನ್ನ ದಾರಿಯಲ್ಲಿ ವಿಜಯನಗರದಿಂದ ವೃಷಭಾವತಿಯವರೆಗೆ 2 ಕಿ.ಮೀ.ಗೆ ಸುಮಾರು 40 ಮೀಟರ್ ಇಳಿಜಾರು. ಅಂದರೆ ಶೇ. 2. ಅಲ್ಲಿಂದ ಆಚೆ 1.1 ಕಿ.ಮೀ.ಗೆ ಸುಮಾರು 44 ಮೀಟರ್ ಏರು, ಶೇ. 4. ಉಳಿದ 5.3 ಕಿ.ಮೀ. ಅಲ್ಲಿಷ್ಟು ಇಲ್ಲಿಷ್ಟು, ಲೆಕ್ಕಕ್ಕೆ ಸಮತಟ್ಟು.

ಈಗ ಏರಿನಲ್ಲಿ ವೇಗ ಎಷ್ಟಕ್ಕೆ ಇಳಿಯುತ್ತದೆ? ಸೈಕಲ್, ಸವಾರ, ಬ್ಯಾಗ್ ಸೇರಿ 85 ಕೆಜಿ ಅಂದುಕೊಳ್ಳಿ. ಸಮತಟ್ಟು ರಸ್ತೆಯಲ್ಲಿ ಗಂಟೆಗೆ 18 ಕಿ.ಮೀ. ಹೋಗಲು ಕಾಲುಗಳು ಸುಮಾರು 75 ವ್ಯಾಟ್ ಶಕ್ತಿ ಹಾಕಿದರೆ ಸಾಕು, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಗಾಳಿಯನ್ನು ತಳ್ಳಲು ಹೋಗುತ್ತದೆ. ಏರು ಬಂದಾಗ ಎಲ್ಲರೂ ತಾವಾಗಿಯೇ ಜೋರಾಗಿ ತುಳಿಯುತ್ತಾರೆ, ಸುಮಾರು 115 ವ್ಯಾಟ್‌ವರೆಗೆ ಹೋಗುತ್ತಾರೆ ಅಂತ ಇಟ್ಟುಕೊಳ್ಳೋಣ. ಆದರೂ ಶೇ. 4ರ ಏರಿನಲ್ಲಿ 85 ಕೆಜಿಯನ್ನು ಮೇಲೆತ್ತಲೇ ಹೆಚ್ಚಿನ ಶಕ್ತಿ ಖರ್ಚಾಗಿ, ವೇಗ ಗಂಟೆಗೆ 10 ಕಿ.ಮೀ.ಗೆ ಇಳಿಯುತ್ತದೆ. ಒಂದು ಕಿಲೋಮೀಟರ್‌ಗೆ 200 ಸೆಕೆಂಡು ಆಗಬೇಕಿದ್ದು 360 ಆಗುತ್ತದೆ. ಆ ಕಿಲೋಮೀಟರ್‌ನಲ್ಲಿ 40 ಮೀಟರ್ ಹತ್ತಿರುತ್ತೀರಿ, 160 ಸೆಕೆಂಡು ಜಾಸ್ತಿ ಆಗಿರುತ್ತದೆ. ಅಂದರೆ ಹತ್ತಿದ ಪ್ರತಿ ಮೀಟರ್‌ಗೆ 4 ಸೆಕೆಂಡು.

ಇದೇ ಲೆಕ್ಕವನ್ನು ಬೇರೆ ಏರುಗಳಿಗೆ ಮಾಡಿದರೆ, ಶೇ. 2ರ ಏರಿನಲ್ಲಿ ಮೀಟರ್‌ಗೆ 2 ಸೆಕೆಂಡು ಚಿಲ್ಲರೆ, ಶೇ. 6ರಲ್ಲಿ ಸುಮಾರು 5 ಸೆಕೆಂಡು ಬರುತ್ತದೆ. ಶೇ. 1ರ ಏರು ಸಮಯ ತಿನ್ನುವುದೇ ಇಲ್ಲ ಅನ್ನಬಹುದು. ಸ್ವಲ್ಪ ಜೋರಾಗಿ ತುಳಿದರೆ ಅದೇ 18ರ ವೇಗ ನಿಲ್ಲುತ್ತದೆ, ಕಾಲಿಗೆ ಮಾತ್ರ ಗೊತ್ತಾಗುತ್ತದೆ. ಹಾಗಾಗಿ 40 ಮೀಟರ್ ಎತ್ತರವನ್ನು 4 ಕಿ.ಮೀ. ಉದ್ದಕ್ಕೆ ಹರಡಿದ ದಾರಿಗೂ, 1 ಕಿ.ಮೀ.ನಲ್ಲಿ ಮುಗಿಸುವ ದಾರಿಗೂ ತುಂಬಾ ವ್ಯತ್ಯಾಸ. ಒಟ್ಟು ಎತ್ತರ ಒಂದೇ ಇದ್ದರೂ ಸಮಯ ಒಂದೇ ಅಲ್ಲ.

ನಿಮ್ಮ ತೂಕ ಜಾಸ್ತಿ ಇದ್ದರೆ, ಕಾಲಿನ ಶಕ್ತಿ ಕಡಿಮೆ ಇದ್ದರೆ ಈ ಸೆಕೆಂಡುಗಳು ಏರುತ್ತವೆ. ನಿಮ್ಮದು ಎಷ್ಟು ಅಂತ ಒಂದೇ ಸಲ ಅಳೆಯುವುದು ಒಳ್ಳೆಯದು. ಏರಿನ ಬುಡದಲ್ಲಿ ಗಡಿಯಾರ ನೋಡಿ, ತುದಿಯಲ್ಲಿ ಮತ್ತೆ ನೋಡಿ. ಆ ದೂರಕ್ಕೆ ಸಮತಟ್ಟಿನಲ್ಲಿ ಆಗುವ ಸಮಯವನ್ನು ಕಳೆಯಿರಿ, ಉಳಿದಿದ್ದನ್ನು ಹತ್ತಿದ ಮೀಟರ್‌ನಿಂದ ಭಾಗಿಸಿ. ನಡುವೆ ಸಿಗ್ನಲ್ ಸಿಕ್ಕಿದರೆ ಆ ನಿಂತ ಹೊತ್ತನ್ನೂ ಕಳೆಯಬೇಕು.

ಗೇರ್ ಇಲ್ಲದ ಸೈಕಲ್ ಇರುವವರು ಇಲ್ಲಿ ಒಂದು ವಿಷಯ ನೋಡಿಕೊಳ್ಳಬೇಕು. ದೊಡ್ಡ ಚಕ್ರದ ಸಾದಾ ಸೈಕಲ್‌ನಲ್ಲಿ ಪೆಡಲ್ ಒಂದು ಸುತ್ತು ತಿರುಗಿದರೆ 5 ಮೀಟರ್‌ಗಿಂತ ಸ್ವಲ್ಪ ಜಾಸ್ತಿ ಮುಂದೆ ಹೋಗುತ್ತೀರಿ. ಗಂಟೆಗೆ 10 ಕಿ.ಮೀ. ವೇಗದಲ್ಲಿ ಅದು ನಿಮಿಷಕ್ಕೆ 31 ಸುತ್ತು ಮಾತ್ರ, ಮೊಣಕಾಲಿಗೆ ಭಾರ, ಎದ್ದು ನಿಂತು ತುಳಿಯಬೇಕು. ಶೇ. 6ರ ಏರಿನಲ್ಲಿ ನಿಮಿಷಕ್ಕೆ 23 ಸುತ್ತಿಗೆ ಇಳಿಯುತ್ತದೆ, ಅಲ್ಲಿ ಜಾಸ್ತಿ ಜನ ಇಳಿದು ತಳ್ಳುತ್ತಾರೆ. ಇಳಿದ ಮೇಲೆ ಮೇಲಿನ ಲೆಕ್ಕ ಯಾವುದೂ ನಡೆಯುವುದಿಲ್ಲ. ತಳ್ಳಿಕೊಂಡು ನಡೆಯುವ ವೇಗ ಗಂಟೆಗೆ 4.5 ಕಿ.ಮೀ. ಅಂದುಕೊಂಡರೆ, ನನ್ನ 1.1 ಕಿ.ಮೀ. ಏರು ಪೂರ್ತಿ ತಳ್ಳಿದರೆ ಹೆಚ್ಚು ಕಡಿಮೆ 15 ನಿಮಿಷ. ಆದ್ದರಿಂದ ಗೇರ್ ಇಲ್ಲದವರು ಏರು ಎಷ್ಟು ಎತ್ತರ ಅನ್ನುವುದಕ್ಕಿಂತ, ಎಲ್ಲಾದರೂ ಇಳಿಯಬೇಕಾಗುತ್ತದಾ ಅಂತ ಮೊದಲು ನೋಡಿ. ಇಳಿಯಬೇಕು ಅಂತಾದರೆ ಅರ್ಧ ಕಿ.ಮೀ. ಸುತ್ತು ದಾರಿಯಾದರೂ ಕಡಿಮೆ ಏರಿನದ್ದೇ ಬೇಗ ತಲುಪಿಸುತ್ತದೆ.

ಇನ್ನು ಇಳಿಜಾರು. ಏರಿನಲ್ಲಿ ಕಳೆದುಕೊಂಡಿದ್ದು ಇಳಿಜಾರಿನಲ್ಲಿ ವಾಪಸ್ ಬರುತ್ತದೆ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಬರುವುದಿಲ್ಲ. ಶೇ. 2ರ ಇಳಿಜಾರಿನಲ್ಲಿ ನಾನು ಗಂಟೆಗೆ 24 ಕಿ.ಮೀ. ಹೋಗುತ್ತೇನೆ ಅಂದರೂ, 2 ಕಿ.ಮೀ.ಗೆ 400 ಸೆಕೆಂಡಿನ ಬದಲು 300 ಆಗುತ್ತದೆ, ಉಳಿತಾಯ 100 ಸೆಕೆಂಡು. ಅದೂ ಕಾಗದದ ಮೇಲೆ. ರಸ್ತೆಯಲ್ಲಿ ಆಟೋ ತಿರುಗುತ್ತದೆ, ಬಸ್ ನಿಲ್ಲುತ್ತದೆ, ಹಂಪ್ ಬರುತ್ತದೆ, ಕೈ ಬ್ರೇಕ್ ಮೇಲೇ ಇರುತ್ತದೆ. ನನಗೆ ನಿಜವಾಗಿ ಸಿಗುವುದು 60 ಸೆಕೆಂಡು. ಇಳಿಜಾರಿನ ಕೊನೆಗೇ ಸಿಗ್ನಲ್ ಇದ್ದರೆ ಅದೂ ಇಲ್ಲ. ದಯವಿಟ್ಟು ಇಳಿಜಾರಿನ ಉಳಿತಾಯವನ್ನು ಲೆಕ್ಕದಲ್ಲಿ ಜಾಸ್ತಿ ಹಾಕಿಕೊಳ್ಳಬೇಡಿ, ಹಾಕಿಕೊಂಡರೆ ಆ ಲೆಕ್ಕ ಉಳಿಸಲು ಇಳಿಜಾರಿನಲ್ಲಿ ಬ್ರೇಕ್ ಬಿಡುವ ಆಸೆ ಬರುತ್ತದೆ.

ಹಾಗಾಗಿ ಬೆಳಿಗ್ಗೆ ಹೋಗುವಾಗ, ಏರು 44 ಮೀಟರ್ ಗುಣಿಸು 4, ಅಂದರೆ 176 ಸೆಕೆಂಡು ಕೂಡಿಸಬೇಕು. ಇಳಿಜಾರಿಗೆ 60 ಕಳೆಯಬೇಕು. ನಿವ್ವಳ 116 ಸೆಕೆಂಡು, ಹತ್ತಿರ ಹತ್ತಿರ 2 ನಿಮಿಷ. ಸಂಜೆ ವಾಪಸ್ ಬರುವಾಗ ಇದೇ ರಸ್ತೆ ತಲೆಕೆಳಗು. ಈಗ ಹತ್ತಬೇಕಾದ್ದು ವಿಜಯನಗರದ ಕಡೆಯ ಶೇ. 2ರ ಉದ್ದ ಏರು, 40 ಮೀಟರ್‌ಗೆ 88 ಸೆಕೆಂಡು. ಹನುಮಂತನಗರದ ಇಳಿಜಾರಿನಲ್ಲಿ ಸಿಗುವುದು ಹೆಚ್ಚೆಂದರೆ 30. ನಿವ್ವಳ 58 ಸೆಕೆಂಡು, 1 ನಿಮಿಷ. ಎರಡೂ ಕಡೆ ಎತ್ತರ ಬಹುತೇಕ ಒಂದೇ, ಆದರೆ ಕಡಿದಾದ ಮುಖವನ್ನು ಬೆಳಿಗ್ಗೆ ಹತ್ತುವುದರಿಂದ ಹೋಗುವುದೇ ಜಾಸ್ತಿ ಹೊತ್ತು.

ಸಿಗ್ನಲ್: ಕೆಂಪು ಎಷ್ಟು, ಸುತ್ತು ಎಷ್ಟು

ಸಿಗ್ನಲ್‌ಗೆ ಒಂದೊಂದು ನಿಮಿಷ ಅಂತ ಸುಮ್ನೆ ಹಾಕಿಬಿಡುವುದು ರೂಢಿ. ಸಣ್ಣ ಸಿಗ್ನಲ್‌ಗೆ ಅದು ತುಂಬಾ ಜಾಸ್ತಿ. ದೊಡ್ಡ ಸಿಗ್ನಲ್‌ಗೆ ಕೆಲವು ದಿನ ಸಾಲದು.

ಪ್ರತಿ ಸಿಗ್ನಲ್‌ನಲ್ಲೂ ಎರಡು ಅಂಕಿ ಬೇಕು. ನಿಮ್ಮ ಕಡೆಗೆ ಕೆಂಪು ಎಷ್ಟು ಸೆಕೆಂಡು ಇರುತ್ತದೆ, ಮತ್ತು ಕೆಂಪು ಬಿದ್ದ ಕ್ಷಣದಿಂದ ಮುಂದಿನ ಕೆಂಪು ಬೀಳುವವರೆಗೆ ಒಂದು ಪೂರ್ತಿ ಸುತ್ತು ಎಷ್ಟು ಸೆಕೆಂಡು. ಒಂದು ದಿನ ಅಲ್ಲಿ ಪಕ್ಕದಲ್ಲಿ ನಿಂತು ಫೋನಿನ ಸ್ಟಾಪ್‌ವಾಚ್‌ನಲ್ಲಿ ಎರಡು ಸುತ್ತು ನೋಡಿದರೆ ಸಿಗುತ್ತದೆ. ನೀವು ಹೋಗುವ ಹೊತ್ತಿಗೇ ನೋಡಿ, ಭಾನುವಾರದ ಅಳತೆ ಸೋಮವಾರಕ್ಕೆ ಬರುವುದಿಲ್ಲ.

ನೀವು ಯಾವ ಕ್ಷಣದಲ್ಲಿ ಬೇಕಾದರೂ ಅಲ್ಲಿಗೆ ತಲುಪಬಹುದು ಅಂತಿದ್ದರೆ, ಸರಾಸರಿ ಕಾಯುವ ಹೊತ್ತು ಹೀಗೆ:

```
ಸರಾಸರಿ ಕಾಯುವಿಕೆ = ಕೆಂಪು × ಕೆಂಪು ÷ (2 × ಸುತ್ತು)
```

ಇದು ಎಲ್ಲಿಂದ ಬಂತು ಅಂದರೆ, ಸುತ್ತು 150 ಸೆಕೆಂಡು, ಕೆಂಪು 110 ಅಂದುಕೊಳ್ಳಿ. ನಿಮಗೆ ಕೆಂಪು ಸಿಗುವ ಸಾಧ್ಯತೆ 150ರಲ್ಲಿ 110, ಅಂದರೆ ಶೇ. 73. ಸಿಕ್ಕಿದರೆ ಕೆಲವು ಸಲ ಪೂರ್ತಿ 110 ಕಾಯುತ್ತೀರಿ, ಕೆಲವು ಸಲ 2 ಸೆಕೆಂಡು, ಸರಾಸರಿ ಅದರ ಅರ್ಧ 55. ಎರಡನ್ನೂ ಗುಣಿಸಿದರೆ 40 ಸೆಕೆಂಡು. ಇನ್ನೊಂದು ಸಣ್ಣ ಸಿಗ್ನಲ್, ಸುತ್ತು 90, ಕೆಂಪು 50. ಅಲ್ಲಿ ಬರುವುದು 14 ಸೆಕೆಂಡು ಮಾತ್ರ. ಕೆಂಪು ಅರ್ಧಕ್ಕೆ ಇಳಿದರೆ ಕಾಯುವುದು ಅರ್ಧಕ್ಕಿಂತ ತುಂಬಾ ಕಡಿಮೆಯಾಗುತ್ತದೆ ಅನ್ನುವುದನ್ನು ಗಮನಿಸಿ. ದಾರಿ ಆಯ್ಕೆ ಮಾಡುವಾಗ ಇದು ಉಪಯೋಗಕ್ಕೆ ಬರುತ್ತದೆ, ಎರಡು ಸಣ್ಣ ಸಿಗ್ನಲ್ ಇರುವ ಒಳರಸ್ತೆ ಒಂದು ದೊಡ್ಡ ಸರ್ಕಲ್‌ಗಿಂತ ಬೇಗ ದಾಟಬಹುದು.

ಇದರ ಮೇಲೆ ಇನ್ನೊಂದು ಸಣ್ಣ ಖರ್ಚು ಇದೆ. ನಿಲ್ಲಲು ಬ್ರೇಕ್ ಹಿಡಿಯುವುದು, ಮತ್ತೆ ನಿಂತಲ್ಲಿಂದ ವೇಗ ಹಿಡಿಯುವುದು. 18ರ ವೇಗಕ್ಕೆ ಮತ್ತೆ ಬರಲು 10 ಸೆಕೆಂಡು ಬೇಕು, ಆ ಹೊತ್ತಿನಲ್ಲಿ ಅರ್ಧ ವೇಗದಲ್ಲಿ ಇರುತ್ತೀರಿ. ಬ್ರೇಕ್‌ನದ್ದೂ ಸೇರಿಸಿದರೆ ಒಂದು ಸಲ ನಿಂತರೆ ಸುಮಾರು 8 ಸೆಕೆಂಡು ನಷ್ಟ. ಹಂಪ್‌ಗೆ ಪೂರ್ತಿ ನಿಲ್ಲುವುದಿಲ್ಲ, ಅಲ್ಲಿ ಒಂದಕ್ಕೆ 3 ಸೆಕೆಂಡು ಸಾಕು.

ನನ್ನ ದಾರಿಯಲ್ಲಿ 110/150ರ ಥರದ ದೊಡ್ಡ ಸಿಗ್ನಲ್ 5, 50/90ರ ಥರದ ಸಣ್ಣದು 3. ಕಾಯುವುದು 5 ಗುಣಿಸು 40, ಮೇಲೆ 3 ಗುಣಿಸು 14, ಒಟ್ಟು 242 ಸೆಕೆಂಡು. ಎಂಟರಲ್ಲಿ ಸರಾಸರಿ 5.3 ಕಡೆ ನಿಲ್ಲುತ್ತೇನೆ, ಅದಕ್ಕೆ 42 ಸೆಕೆಂಡು. ಎಲ್ಲಾ ಸೇರಿ 284, ಅಂದರೆ 5 ನಿಮಿಷಕ್ಕೆ ಸ್ವಲ್ಪ ಕಡಿಮೆ.

ಈ ಸೂತ್ರ ಎಲ್ಲಿ ಕೈಕೊಡುತ್ತದೆ ಅಂತಲೂ ಗೊತ್ತಿರಲಿ. ಒಂದಕ್ಕೊಂದು ಹತ್ತಿರ ಇರುವ ಎರಡು ಸಿಗ್ನಲ್‌ಗಳ ಸಮಯ ಹೊಂದಿಸಿದ್ದರೆ, ಅದನ್ನು ಹೊಂದಿಸಿರುವುದು ಕಾರು ಬೈಕಿನ ವೇಗಕ್ಕೆ. ಮೊದಲ ಹಸಿರಿನಲ್ಲಿ ಎಲ್ಲರ ಜೊತೆ ಹೊರಟರೂ ಎರಡನೆಯದು ತಲುಪುವ ಹೊತ್ತಿಗೆ ನಿಮಗೆ ದಿನಾ ಕೆಂಪೇ ಸಿಗಬಹುದು. ಅಂಥ ಕಡೆ ಸೂತ್ರ ಬಿಟ್ಟು, ನಾಲ್ಕೈದು ದಿನ ನೋಡಿದ ಅಳತೆಯನ್ನೇ ಹಾಕಿ. ಟ್ರಾಫಿಕ್ ಪೊಲೀಸರು ಕೈಯಲ್ಲೇ ಸಿಗ್ನಲ್ ನಡೆಸುವ ಹೊತ್ತಿನಲ್ಲೂ ಅಷ್ಟೇ, ಸುತ್ತು ಅನ್ನುವುದೇ ಇರುವುದಿಲ್ಲ, ಒಂದು ಕಡೆಯ ಸಾಲು ಖಾಲಿಯಾಗುವವರೆಗೆ ಬಿಡುತ್ತಾರೆ. ಕಾರುಗಳಿಗೆ ಒಂದೇ ಹಸಿರಿನಲ್ಲಿ ದಾಟಲು ಆಗದಿದ್ದರೂ ಸೈಕಲ್‌ನವರು ಎಡಬದಿಯಲ್ಲಿ ಮುಂದೆ ಹೋಗಿ ನಿಲ್ಲಬಹುದು. ಆದರೆ ಎಡಕ್ಕೆ ತಿರುಗುವ ಬಸ್ಸು, ಲಾರಿಯ ಪಕ್ಕದ ಸಂದಿಗೆ ಮಾತ್ರ ನುಗ್ಗಬೇಡಿ, ಡ್ರೈವರ್‌ಗೆ ನೀವು ಅಲ್ಲಿ ಕಾಣುವುದಿಲ್ಲ.

ಕೂಡಿಸುವುದು, ಆಮೇಲೆ ರಸ್ತೆಯಲ್ಲಿ ಪರೀಕ್ಷಿಸುವುದು

ಬೆಳಿಗ್ಗೆಯ ಲೆಕ್ಕವನ್ನು ಸ್ಪ್ರೆಡ್‌ಶೀಟ್‌ನ ಒಂದು ಮನೆಯಲ್ಲಿ ಬರೆದರೆ ಹೀಗಿರುತ್ತದೆ. ಮೊದಲನೆಯದು ದೂರ ಭಾಗಿಸು ವೇಗ, ಆಮೇಲೆ ಏರು, ಇಳಿಜಾರು, ಕಾಯುವುದು, ನಿಂತು ಹೊರಡುವುದು. ಕೊನೆಗೆ 60ರಿಂದ ಭಾಗಿಸಿದರೆ ನಿಮಿಷ.

```
=(8400/5 + 44*4 - 60 + 242 + 5.3*8)/60
```

ಉತ್ತರ 34.7. ಸುಮಾರು 35 ನಿಮಿಷ. 28 ಅಂದುಕೊಂಡಿದ್ದಕ್ಕೆ 7 ನಿಮಿಷ ಜಾಸ್ತಿ, ಮತ್ತು ಆ 7ರಲ್ಲಿ 5 ಸಿಗ್ನಲ್‌ನದ್ದು, 2 ಏರಿನದ್ದು ಅಂತ ಬೇರೆ ಬೇರೆಯಾಗಿ ಗೊತ್ತು.

ಈಗ ಮೂರು ನಾಲ್ಕು ದಿನ ನಿಜವಾಗಿ ಹೋಗಿ ನೋಡಿ. ಬೆಳಿಗ್ಗೆ ನನಗೆ 34, 36, 35 ಬಂತು, ಸರಿಯಾಯಿತು. ಸಂಜೆ ಲೆಕ್ಕದ ಪ್ರಕಾರ 34 ಆಗಬೇಕಿತ್ತು, 36, 37 ಬರುತ್ತಿತ್ತು. ಇಲ್ಲಿ ಬೇರೆ ಬೇರೆಯಾಗಿ ಅಳೆದಿದ್ದರ ಲಾಭ ಕಾಣುತ್ತದೆ. ಆ್ಯಪ್‌ನಲ್ಲಿ `Elapsed Time` ಇಂದ `Moving Time` ಕಳೆದು ನೋಡಿದೆ, ನಿಂತ ಹೊತ್ತು ಸುಮಾರು 4 ನಿಮಿಷ, ಅಂದುಕೊಂಡಷ್ಟೇ. ಹಾಗಾದರೆ ತಪ್ಪು ಸಿಗ್ನಲ್‌ನಲ್ಲಿ ಇಲ್ಲ. ದಾರಿಯ ನಕ್ಷೆಯಲ್ಲಿ ವೇಗ ನೋಡಿದರೆ ಗಾಂಧಿ ಬಜಾರ್ ಹತ್ತಿರ 800 ಮೀಟರ್ ಪೂರ್ತಿ ಗಂಟೆಗೆ 10 ಕಿ.ಮೀ. ಸಂಜೆ ಹೂವು ಹಣ್ಣು ಕೊಳ್ಳುವವರು, ನಿಲ್ಲಿಸಿದ ಗಾಡಿಗಳು, ನಿಲ್ಲುವುದೂ ಇಲ್ಲ, ಓಡುವುದೂ ಇಲ್ಲ. 160 ಸೆಕೆಂಡಿನ ಜಾಗದಲ್ಲಿ 288 ಆಗುತ್ತಿತ್ತು, 2 ನಿಮಿಷಕ್ಕೆ ಸ್ವಲ್ಪ ಜಾಸ್ತಿ. ಸಂಜೆಯ ಲೆಕ್ಕಕ್ಕೆ ಅದನ್ನು ನಾಲ್ಕನೇ ಸಾಲಾಗಿ ಸೇರಿಸಿದೆ. ಕೊಳ್ಳುವುದಿದ್ದ ದಿನ ಆ ದಾರಿ, ಇಲ್ಲದಿದ್ದರೆ ಪಕ್ಕದ ರಸ್ತೆ.

ನಿಮ್ಮ ಲೆಕ್ಕಕ್ಕೂ ನಿಜಕ್ಕೂ ವ್ಯತ್ಯಾಸ ಬಂದರೆ ಹೀಗೇ ಹುಡುಕಿ. ನಿಂತ ಹೊತ್ತು ಜಾಸ್ತಿ ಬಂದಿದ್ದರೆ ಸಿಗ್ನಲ್‌ನ ಅಂಕಿ ತಪ್ಪು. ನಿಂತ ಹೊತ್ತು ಸರಿ ಇದ್ದು ಚಲನೆಯ ಹೊತ್ತು ಜಾಸ್ತಿ ಇದ್ದರೆ ಒಂದೋ ಏರು, ಇಲ್ಲವೇ ಜನಸಂದಣಿ. ಎಲ್ಲಾ ಕಡೆ ಸ್ವಲ್ಪ ಸ್ವಲ್ಪ ನಿಧಾನ ಅಂತಿದ್ದರೆ ಸಮತಟ್ಟು ವೇಗವನ್ನೇ ಜಾಸ್ತಿ ಹಾಕಿದ್ದೀರಿ, ಅಥವಾ ಟೈರ್‌ನಲ್ಲಿ ಗಾಳಿ ಕಡಿಮೆಯಾಗಿದೆ.

ಒಂದು ಕಾಲದಲ್ಲಿ ಮಾತ್ರ ಎಲ್ಲಾ ಕಡೆ ನಿಧಾನವಾಗುವುದು ಸಹಜ, ಅದು ಆಷಾಢದ ಗಾಳಿ. ಆ ತಿಂಗಳುಗಳಲ್ಲಿ ಬೆಂಗಳೂರಿನಲ್ಲಿ ಗಾಳಿ ಪಡುವಣದಿಂದ ಬೀಸುತ್ತದೆ. ಗಂಟೆಗೆ 11 ಕಿ.ಮೀ. ಎದುರು ಗಾಳಿ ಇದ್ದರೆ, ಬಯಲಿನಲ್ಲಿ ಅದೇ 75 ವ್ಯಾಟ್‌ಗೆ ವೇಗ 18ರಿಂದ ಸುಮಾರು 13ಕ್ಕೆ ಇಳಿಯುತ್ತದೆ. ಊರೊಳಗೆ ಕಟ್ಟಡ ಮರಗಳ ಮರೆ ಇರುವುದರಿಂದ ಅಷ್ಟು ಆಗುವುದಿಲ್ಲ. ಕೆರೆ ಪಕ್ಕ, ರಿಂಗ್ ರಸ್ತೆಯ ಥರದ ತೆರೆದ ಜಾಗದಲ್ಲಿ ದಾರಿ ಇರುವವರು ಆ ಭಾಗವನ್ನು ಪ್ರತ್ಯೇಕವಾಗಿ ಅಳೆದುಕೊಳ್ಳಬೇಕು. ನನಗೆ ಬೆಳಿಗ್ಗೆ ಬೆನ್ನಿಗೆ, ಸಂಜೆ ಎದುರಿಗೆ.

ಹಾಗಾದರೆ ಎಷ್ಟು ಗಂಟೆಗೆ ಹೊರಡಬೇಕು

35 ನಿಮಿಷ ಅನ್ನುವುದು ಸರಾಸರಿ. ಸರಾಸರಿ ನೋಡಿ ಹೊರಟರೆ ಹತ್ತರಲ್ಲಿ ಐದು ದಿನ ತಡ. ಹಾಗಂತ ಎಲ್ಲಾ ಸಿಗ್ನಲ್‌ನಲ್ಲೂ ಪೂರ್ತಿ ಕೆಂಪು ಸಿಗುತ್ತದೆ ಅಂತ ಹಾಕಿದರೆ ಕಾಯುವುದೇ 700 ಸೆಕೆಂಡು, 11 ನಿಮಿಷ ಮೀರುತ್ತದೆ, ಅಂಥ ದಿನ ಬರುವುದೇ ಇಲ್ಲ ಅನ್ನಬಹುದು. ಒಂದು ಕಡೆ ಕೆಂಪು ಸಿಕ್ಕರೆ ಇನ್ನೊಂದು ಕಡೆ ಹಸಿರು ಸಿಗುತ್ತದೆ, ಎಂಟು ಸಿಗ್ನಲ್ ಸೇರಿದಾಗ ಏರುಪೇರು ತಕ್ಕಮಟ್ಟಿಗೆ ಸರಿದೂಗುತ್ತದೆ. ನನ್ನ ಎಂಟು ಸಿಗ್ನಲ್‌ಗೆ ಲೆಕ್ಕ ಹಾಕಿದರೆ, ಸರಾಸರಿಯ ಮೇಲೆ 2 ನಿಮಿಷ ಇಟ್ಟುಕೊಂಡರೆ ಹತ್ತರಲ್ಲಿ ಒಂಬತ್ತು ದಿನ ಸಾಕಾಗುತ್ತದೆ. ನಿಮಗೆ ಆ ಲೆಕ್ಕ ಬೇಡ ಅಂದರೆ, ಹತ್ತು ದಿನದ ಸಮಯ ಬರೆದಿಟ್ಟು, ಅದರಲ್ಲಿ ಎರಡನೇ ಅತಿ ಕೆಟ್ಟ ದಿನವನ್ನು ಹಿಡಿಯಿರಿ. ಅದೂ ಹೆಚ್ಚು ಕಡಿಮೆ ಇದೇ ಉತ್ತರ ಕೊಡುತ್ತದೆ. ಪಂಕ್ಚರ್‌ಗೆ ಅಂತ ದಿನಾ ಸಮಯ ಇಡಬೇಡಿ, ಅದು 20 ನಿಮಿಷದ ಕೆಲಸ, ಬಂದ ದಿನ ಫೋನ್ ಮಾಡಿ ಹೇಳುವುದೇ ಸರಿ.

ಇದಿಷ್ಟೂ ಚಕ್ರ ಉರುಳುವ ಹೊತ್ತು. ಗೇಟಿನಿಂದ ಸೈಕಲ್ ತೆಗೆದು, ಬೀಗ ಬಿಚ್ಚಿ, ಹೆಲ್ಮೆಟ್ ಹಾಕಿ ಹೊರಡಲು 3 ನಿಮಿಷ. ಅಲ್ಲಿ ಸೈಕಲ್ ನಿಲ್ಲಿಸಿ, ಬೀಗ ಹಾಕಿ, ಮುಖ ತೊಳೆದು ಶರ್ಟ್ ಬದಲಿಸಲು 7. ಇವು ದಾರಿ 3 ಕಿ.ಮೀ. ಇದ್ದರೂ ಅಷ್ಟೇ, 12 ಇದ್ದರೂ ಅಷ್ಟೇ. ಹಾಗಾಗಿ ನನ್ನದು 35, ಮೇಲೆ 2, ಮೇಲೆ 10, ಒಟ್ಟು 47 ನಿಮಿಷ. 9:30ಕ್ಕೆ ಕುರ್ಚಿಯಲ್ಲಿ ಇರಬೇಕಾದರೆ 8:43ಕ್ಕೆ ಮನೆಯ ಬೀಗದ ಕೈ ಕೈಯಲ್ಲಿರಬೇಕು.